ಹೊರಟ ಹಣ ಎಲ್ಲಿ ತಂಗಿದೆ?

ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ಬ್ಯಾಡಗಿಯ ರೈತರಿಗೆ ಮೆಣಸಿನಕಾಯಿಯ ಬಾಕಿ 40,000 ರೂಪಾಯಿ ಕೊಡಬೇಕಿದೆ ಎಂದುಕೊಳ್ಳಿ. ಬೆಳಿಗ್ಗೆ 11.20ಕ್ಕೆ ಮೊಬೈಲಿನಲ್ಲೇ ನೆಫ್ಟ್ ಮಾಡುತ್ತಾರೆ. ಮರುಕ್ಷಣವೇ ಖಾತೆಯಿಂದ ಹಣ ಕಳೆದ ಎಸ್‌ಎಂಎಸ್ ಬರುತ್ತದೆ. ಸಂಜೆಯಾದರೂ ರೈತರ ಪಾಸ್‌ಬುಕ್ಕಿನಲ್ಲಿ ಏನೂ ಇಲ್ಲ. "ಹಾಕೀನ್ರೀ, ಮೆಸೇಜ್ ಬಂದೈತಿ" ಎಂದು ಇವರು, "ಇನ್ನೂ ಬಂದಿಲ್ಲರೀ ಸಾವ್ಕಾರ್ರ" ಎಂದು ಅವರು. ಇಬ್ಬರೂ ಹೇಳುತ್ತಿರುವುದು ನಿಜ. ಹಾಗಾದರೆ ಈ ಹೊತ್ತಿನಲ್ಲಿ ಆ 40,000 ಎಲ್ಲಿದೆ?

ತಂತಿಯಲ್ಲಂತೂ ಇಲ್ಲ. ಬ್ಯಾಂಕಿನ ಹಣಕ್ಕೆ ದಾರಿಯ ಮಧ್ಯೆ ಎಂಬ ಜಾಗವೇ ಇಲ್ಲ, ಅದು ಯಾವಾಗಲೂ ಯಾವುದಾದರೊಂದು ಖಾತೆಯಲ್ಲೇ ಇರುತ್ತದೆ. ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವುದು ಸಂದೇಶ ಮಾತ್ರ. ಹಾಗಾಗಿ ಕಳೆದ ನೆಫ್ಟ್ ಹುಡುಕುವುದೆಂದರೆ, ಸಂದೇಶ ಯಾವ ಹಂತದಲ್ಲಿ ನಿಂತಿದೆ, ಆ ಹಂತದಲ್ಲಿ ಹಣ ಯಾರ ಯಾವ ಖಾತೆಯಲ್ಲಿ ಕೂತಿದೆ ಎಂದು ಪತ್ತೆ ಮಾಡುವುದು.

ಮೊದಲ ತಂಗುದಾಣ ನಮ್ಮದೇ ಬ್ಯಾಂಕ್. ನಮ್ಮ ಖಾತೆಯಿಂದ ಕಳೆದ ಹಣ ಬ್ಯಾಂಕಿನೊಳಗೇ ಇರುವ ಮಧ್ಯಂತರ ಖಾತೆಯೊಂದಕ್ಕೆ ಸೇರುತ್ತದೆ. ಡೆಬಿಟ್ ಎಸ್‌ಎಂಎಸ್ ಹೇಳುವುದು ಇಷ್ಟನ್ನೇ, ಹಣ ಬ್ಯಾಂಕ್ ಬಿಟ್ಟು ಹೊರಗೆ ಹೋಗಿದೆ ಎಂದಲ್ಲ. ಆಮೇಲೆ ಬ್ಯಾಂಕು N06 ಎಂಬ ಹೆಸರಿನ ಸಂದೇಶವೊಂದನ್ನು ಕಟ್ಟಿ ರಿಸರ್ವ್ ಬ್ಯಾಂಕಿನ ನೆಫ್ಟ್ ಕೇಂದ್ರಕ್ಕೆ ಕಳಿಸುತ್ತದೆ. ಅದರಲ್ಲಿ ಕಳಿಸಿದವರ ವಿವರ, ಪಡೆಯುವವರ ಖಾತೆ ಸಂಖ್ಯೆ, 11 ಅಕ್ಷರಗಳ ಐಎಫ್‌ಎಸ್‌ಸಿ, ಮೊತ್ತ, ಮತ್ತು ಆ ವಹಿವಾಟಿಗೆ ಮಾತ್ರ ಸೇರಿದ ಯುಟಿಆರ್ ಸಂಖ್ಯೆ ಇರುತ್ತವೆ. ಹುಡುಕಾಟಕ್ಕೆಲ್ಲ ಈ ಯುಟಿಆರ್ ಒಂದೇ ಆಧಾರ. ಆ್ಯಪ್‌ನ ಪರದೆಯಲ್ಲಿ ಕಾಣುವ 'ರೆಫರೆನ್ಸ್ ನಂಬರ್' ಕೆಲವೊಮ್ಮೆ ಆ ಬ್ಯಾಂಕಿನ ಒಳಗಿನ ಲೆಕ್ಕದ ಸಂಖ್ಯೆ ಅಷ್ಟೇ, ಇನ್ನೊಂದು ಬ್ಯಾಂಕಿಗೆ ಅದು ಏನೂ ಹೇಳುವುದಿಲ್ಲ. ಖಾತೆಯ ಸ್ಟೇಟ್‌ಮೆಂಟಿನಲ್ಲಿ ಆ ನಮೂದಿನ ಎದುರು ಯುಟಿಆರ್ ಇನ್ನೂ ಬಿದ್ದಿಲ್ಲವೆಂದರೆ ಸಂದೇಶ ಹೊರಟಿಲ್ಲದಿರುವ ಸಾಧ್ಯತೆಯೇ ಹೆಚ್ಚು. ಆಗ ಪಡೆಯುವವರ ಬ್ಯಾಂಕಿಗೆ ಅಲೆಯುವುದು ವ್ಯರ್ಥ.

ನೆಫ್ಟ್ 2005ರಲ್ಲಿ ಶುರುವಾದಾಗ ಬ್ಯಾಂಕಿನ ವೇಳೆಯಲ್ಲಿ ಮಾತ್ರ ನಡೆಯುತ್ತಿತ್ತು. 2019ರ ಡಿಸೆಂಬರ್ 16ರಿಂದ ಹಗಲು ರಾತ್ರಿ, ರಜೆ ದಿನವೆನ್ನದೆ ನಡೆಯುತ್ತಿದೆ. ಅರ್ಧ ಗಂಟೆಗೊಂದರಂತೆ ದಿನಕ್ಕೆ 48 ಬ್ಯಾಚ್. ವ್ಯಾಪಾರಿಯ ಸಂದೇಶ 11.20ಕ್ಕೇ ಹೊರಟಿದ್ದರೆ 11.30ರ ಬ್ಯಾಚಿಗೆ ಸೇರುತ್ತದೆ. ಆದರೆ ಲೆಕ್ಕಕ್ಕೆ ಬರುವುದು ಬ್ಯಾಂಕು ಸಂದೇಶ ಕಳಿಸಿದ ಹೊತ್ತು, ನಾವು ಗುಂಡಿ ಒತ್ತಿದ ಹೊತ್ತಲ್ಲ. ಬ್ಯಾಂಕಿನ ಒಳಗಿನ ಯಾವುದೋ ತಪಾಸಣೆಗೆ ಸಿಕ್ಕಿ ಅದು ಮುಂದಿನ ಬ್ಯಾಚಿಗೆ ಜಾರಿರಬಹುದು.

ಬ್ಯಾಚ್ ಮುಗಿದಾಗ ಕೇಂದ್ರ ಮಾಡುವ ಕೆಲಸ ಸ್ವಾರಸ್ಯಕರ. ಅದು ನಮ್ಮ 40,000ವನ್ನು ಎತ್ತಿ ಬೇರೆ ಬ್ಯಾಂಕಿಗೆ ಕೊಡುವುದಿಲ್ಲ. ಆ ಅರ್ಧ ಗಂಟೆಯಲ್ಲಿ ಹುಬ್ಬಳ್ಳಿಯವರ ಬ್ಯಾಂಕಿನ ಗ್ರಾಹಕರು ಇನ್ನೊಂದು ಬ್ಯಾಂಕಿಗೆ ಒಟ್ಟು 90 ಲಕ್ಷ ಕಳಿಸಿದ್ದು, ಅಲ್ಲಿಂದ ಇಲ್ಲಿಗೆ 84 ಲಕ್ಷ ಬಂದಿದ್ದರೆ, ಒಂದಕ್ಕೊಂದು ವಜಾ ಹಾಕಿ ಉಳಿದ 6 ಲಕ್ಷವನ್ನಷ್ಟೇ ರಿಸರ್ವ್ ಬ್ಯಾಂಕಿನಲ್ಲಿರುವ ಅವರವರ ಖಾತೆಗಳ ನಡುವೆ ಸರಿಸಿದರೆ ಸಾಕು. ನಿಜದಲ್ಲಿ ಈ ವಜಾ ಎರಡೇ ಬ್ಯಾಂಕುಗಳ ನಡುವೆ ಅಲ್ಲ, ಎಲ್ಲ ಬ್ಯಾಂಕುಗಳದ್ದೂ ಒಟ್ಟಿಗೇ ಆಗುತ್ತದೆ. ಇದಾದ ಮೇಲೆ ಪಡೆಯುವ ಬ್ಯಾಂಕಿಗೆ N02 ಎಂಬ ಸಂದೇಶ ಹೋಗುತ್ತದೆ: ಇಂಥ ಸಂಖ್ಯೆಯ ಖಾತೆಗೆ ಇಷ್ಟು ಜಮಾ ಮಾಡು. ಈ ಕೇಂದ್ರದಲ್ಲಿ ಹಣ ಸಿಕ್ಕಿಕೊಳ್ಳುವುದು ತೀರಾ ವಿರಳ. ತೊಂದರೆ ಇರುವುದು ಹೆಚ್ಚಾಗಿ ಎರಡು ತುದಿಗಳಲ್ಲೇ.

ಎರಡನೆಯ ತುದಿಗೆ ನಿಯಮವೊಂದಿದೆ. ಬ್ಯಾಚಿನ ಲೆಕ್ಕ ತೀರಿದ ಎರಡು ಗಂಟೆಯೊಳಗೆ ಪಡೆಯುವ ಬ್ಯಾಂಕು ಹಣವನ್ನು ಖಾತೆಗೆ ಜಮಾ ಮಾಡಬೇಕು, ಇಲ್ಲವೇ ವಾಪಸ್ ಕಳಿಸಬೇಕು. ಇಟ್ಟುಕೊಂಡು ಕೂರುವಂತಿಲ್ಲ. ಜಮಾ ಮಾಡಿದರೆ ಅದು N10 ಸಂದೇಶ ಕಳಿಸುತ್ತದೆ, ವಾಪಸಾದರೆ N07. 11.30ರ ಬ್ಯಾಚಾದರೆ ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಎರಡರಲ್ಲೊಂದು ಹೊರಟಿರಬೇಕು. 'ನಿಮ್ಮ ಹಣ ಫಲಾನುಭವಿಯ ಖಾತೆಗೆ ಜಮಾ ಆಗಿದೆ' ಎಂದು ಕಳಿಸಿದವರಿಗೆ ಬರುವ ಎರಡನೆಯ ಎಸ್‌ಎಂಎಸ್ ಇದೆಯಲ್ಲ, ಅದು ಈ N10ರ ಪ್ರತಿಧ್ವನಿ. ಬಹಳ ಜನ ಅದನ್ನು ಓದದೆ ಅಳಿಸುತ್ತಾರೆ. ನೆಫ್ಟ್ ಹುಡುಕಾಟದಲ್ಲಿ ಅದಕ್ಕಿಂತ ಬೆಲೆಯುಳ್ಳ ಚೀಟಿ ಇನ್ನೊಂದಿಲ್ಲ.

ಆದ್ದರಿಂದ ವ್ಯಾಪಾರಿ ತಮ್ಮ ಬ್ಯಾಂಕಿನಲ್ಲಿ "ನನ್ನ ಹಣ ಎಲ್ಲಿ?" ಎಂದು ಕೇಳುವುದಕ್ಕಿಂತ "ಈ ಯುಟಿಆರ್ ಯಾವ ಬ್ಯಾಚಿನಲ್ಲಿ ಹೋಯಿತು, N10 ಬಂದಿದೆಯೇ, ಬಂದಿದ್ದರೆ ಎಷ್ಟು ಹೊತ್ತಿಗೆ?" ಎಂದು ಕೇಳಬೇಕು. ಮೊದಲ ಪ್ರಶ್ನೆಗೆ "ಕಾಯಿರಿ, ಬರುತ್ತೆ" ಎಂಬ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಉತ್ತರಿಸಲು ಸಿಬ್ಬಂದಿ ಪರದೆ ನೋಡಲೇಬೇಕು.

ನಮ್ಮ ಪ್ರಸಂಗದಲ್ಲಿ 12.05ಕ್ಕೇ N10 ಬಂದಿತ್ತು ಎಂದಿಟ್ಟುಕೊಳ್ಳೋಣ. ಜಮಾ ಆಗಿದೆ, ಆದರೆ ರೈತರಿಗೆ ಬಂದಿಲ್ಲ. ಇದು ಹೇಗೆ ಸಾಧ್ಯ? ರೈತರ ಖಾತೆ ಇರುವುದು ಒಂದು ಪಟ್ಟಣ ಸಹಕಾರಿ ಬ್ಯಾಂಕಿನಲ್ಲಿ. ಇಂಥ ಎಷ್ಟೋ ಸಣ್ಣ ಬ್ಯಾಂಕುಗಳು ನೆಫ್ಟ್‌ಗೆ ನೇರವಾಗಿ ಸೇರಿರುವುದಿಲ್ಲ, ದೊಡ್ಡ ಬ್ಯಾಂಕೊಂದನ್ನು ಪ್ರಾಯೋಜಕನಾಗಿ ಹಿಡಿದಿರುತ್ತವೆ. ಕೆಲವು ಏರ್ಪಾಟುಗಳಲ್ಲಿ ಹಣ ಮೊದಲು ಪ್ರಾಯೋಜಕ ಬ್ಯಾಂಕಿನಲ್ಲಿರುವ ಸಹಕಾರಿ ಬ್ಯಾಂಕಿನ ಒಟ್ಟು ಖಾತೆಗೆ ಜಮಾ ಆಗುತ್ತದೆ. ಯಾರ್ಯಾರಿಗೆ ಎಷ್ಟು ಎಂಬ ಪಟ್ಟಿ ಬೇರೆಯಾಗಿ ಬರುತ್ತದೆ, ಅದನ್ನು ನೋಡಿಕೊಂಡು ಸಹಕಾರಿ ಬ್ಯಾಂಕು ತನ್ನ ಲೆಕ್ಕದಲ್ಲಿ ಹಂಚುತ್ತದೆ. ಪ್ರಾಯೋಜಕನ ಮಟ್ಟಿಗೆ ಜಮಾ ಆಗಿದೆ, N10 ಸುಳ್ಳಲ್ಲ. ಆದರೆ ಕೊನೆಯ ಮೆಟ್ಟಿಲು ಬಾಕಿ ಇದೆ.

ರೈತರು ಯುಟಿಆರ್ ಬರೆದುಕೊಂಡು ಹೋಗಿ ತಮ್ಮ ಬ್ಯಾಂಕಿನಲ್ಲಿ ಕೊಡುತ್ತಾರೆ. ಅಂದಿನ ಪಟ್ಟಿಯಲ್ಲಿ 40,000 ಇದ್ದೇ ಇದೆ. ಆದರೆ ಖಾತೆ ಸಂಖ್ಯೆಯ ಮೊದಲಿನ ಎರಡು ಸೊನ್ನೆಗಳನ್ನು ವ್ಯಾಪಾರಿ ಬಿಟ್ಟಿದ್ದರಿಂದ ಅದು ಯಾವ ಖಾತೆಗೂ ತಾಳೆಯಾಗದೆ ಬ್ಯಾಂಕಿನ ಸಸ್ಪೆನ್ಸ್ ಖಾತೆಯಲ್ಲಿ ಬಿದ್ದಿದೆ. ವಾಪಸ್ ಕಳಿಸಬೇಕಿತ್ತು, ಕಳಿಸಿಲ್ಲ. ಹುಬ್ಬಳ್ಳಿಯ ಬ್ಯಾಂಕಿನವರು ಎಷ್ಟೇ ಹುಡುಕಿದರೂ ಈ ಸಸ್ಪೆನ್ಸ್ ಖಾತೆ ಅವರ ಕಣ್ಣಿಗೆ ಕಾಣದು. N10 ಬಂದ ಮೇಲೆ ಹುಡುಕಾಟ ಪಡೆಯುವವರ ಕಡೆಯಿಂದಲೇ ನಡೆಯಬೇಕು ಎನ್ನುವುದು ಇದಕ್ಕಾಗಿಯೇ.

ಯುಟಿಆರ್ ಕೊಡಲು ಅಂಜಬೇಕಿಲ್ಲ, ಅದರಿಂದ ಯಾರೂ ಖಾತೆಯಿಂದ ಹಣ ತೆಗೆಯಲಾರರು. ಅಂಜಬೇಕಾದದ್ದು ಅಂತರ್ಜಾಲದಲ್ಲಿ ಸಿಗುವ 'ಕಸ್ಟಮರ್ ಕೇರ್' ಸಂಖ್ಯೆಗಳಿಗೆ. ಸಿಕ್ಕಿಕೊಂಡ ನೆಫ್ಟ್ ಬಿಡಿಸಲು ಒಟಿಪಿಯಾಗಲಿ ಪಿನ್ ಆಗಲಿ ಯಾವ ಹಂತದಲ್ಲೂ ಬೇಡ, ಕೇಳಿದವರು ಬ್ಯಾಂಕಿನವರಲ್ಲ.

N10 ಬರದೆ N07 ಬಂದಿದ್ದರೆ ಕಥೆ ಸರಳ. ಖಾತೆ ಮುಚ್ಚಿದೆ, ಆ ಸಂಖ್ಯೆಯ ಖಾತೆಯೇ ಇಲ್ಲ, ಖಾತೆಗೆ ತಡೆ ಬಿದ್ದಿದೆ ಎಂಬಂಥ ಕಾರಣ ಹೊತ್ತು ಹಣ ಮುಂದಿನ ಯಾವುದೋ ಬ್ಯಾಚಿನಲ್ಲಿ ಹಿಂದಕ್ಕೆ ಬರುತ್ತದೆ. ಅದು ಹಳೆಯ ಡೆಬಿಟ್ ಅಳಿಸುವುದಿಲ್ಲ, ಹೊಸ ಜಮಾ ನಮೂದಾಗಿ ಕೂರುತ್ತದೆ. ಹತ್ತಾರು ವಹಿವಾಟು ನಡೆಯುವ ಖಾತೆಯಲ್ಲಿ ಇದು ಕಣ್ತಪ್ಪುವುದು ಸುಲಭ. ಜಗಳಕ್ಕೆ ಮೊದಲು ಸ್ಟೇಟ್‌ಮೆಂಟಿನಲ್ಲಿ ಅದೇ ಮೊತ್ತ, ಅದೇ ಯುಟಿಆರ್ ಹುಡುಕಿ ನೋಡುವುದು ಒಳ್ಳೆಯದು.

ಕರ್ನಾಟಕದವರಿಗೆ ಇನ್ನೊಂದು ಹಳೆಯ ತೊಡಕೂ ಗೊತ್ತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾದೊಂದಿಗೆ, ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾದವು. VIJB, SYNB ಎಂದು ಶುರುವಾಗುವ ಐಎಫ್‌ಎಸ್‌ಸಿಗಳು 2021ರಲ್ಲಿ ಸತ್ತವು. ಹಳೆಯ ಚೆಕ್ ಪುಸ್ತಕ ನೋಡಿ ಅಂಥ ಸಂಕೇತ ಹಾಕಿದರೆ ಹಣ ಕಳೆಯುವುದಿಲ್ಲ, ಸಂದೇಶವೇ ಮುಂದೆ ಹೋಗದು.

ಕಠಿಣವಾದದ್ದು ಬೇರೆಯೇ ಇದೆ. ಅಂಕಿಯೊಂದು ತಪ್ಪಿ, ಆ ತಪ್ಪು ಸಂಖ್ಯೆಯ ಖಾತೆ ನಿಜವಾಗಿಯೂ ಇದ್ದರೆ? ಜಮಾ ಮಾಡಲು ಖಾತೆ ಸಂಖ್ಯೆಯೊಂದೇ ಆಧಾರ ಎಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದೆ. ಹೆಸರನ್ನು ನಾವು ಎಷ್ಟು ಸರಿಯಾಗಿ ಟೈಪ್ ಮಾಡಿದರೂ ಯಂತ್ರ ಅದನ್ನು ತಾಳೆ ನೋಡುವುದಿಲ್ಲ. ಹಣ ಅಪರಿಚಿತರ ಖಾತೆಗೆ ಹೋಗುತ್ತದೆ, N10 ಕೂಡ ಠೀವಿಯಿಂದ ಬರುತ್ತದೆ. ಇದನ್ನು ಗುರುತಿಸುವ ದಾರಿ ಒಂದೇ: ಸ್ಟೇಟ್‌ಮೆಂಟಿನಲ್ಲಿರುವ ಖಾತೆ ಸಂಖ್ಯೆಯನ್ನು ಪಡೆಯುವವರ ಪಾಸ್‌ಬುಕ್ಕಿನ ಎದುರಿಟ್ಟು ಅಂಕಿ ಅಂಕಿಯಾಗಿ ಓದುವುದು. ತಪ್ಪಿದ್ದರೆ ಅದೇ ದಿನ ತಮ್ಮ ಬ್ಯಾಂಕಿಗೆ ಬರಹದಲ್ಲಿ ಕೊಡಬೇಕು. ಅದು ಆ ಕಡೆಯ ಬ್ಯಾಂಕಿಗೆ ತಿಳಿಸುತ್ತದೆ, ಆ ಬ್ಯಾಂಕು ಖಾತೆದಾರರ ಒಪ್ಪಿಗೆ ಕೇಳುತ್ತದೆ. ಅವರು ಒಪ್ಪದಿದ್ದರೆ ಬ್ಯಾಂಕು ತಾನೇ ಹಣ ತೆಗೆದು ಕೊಡಲಾರದು, ಮುಂದಿನದು ಪೊಲೀಸ್ ಇಲ್ಲವೇ ನ್ಯಾಯಾಲಯದ ದಾರಿ. ಈ ಕುರುಡುತನ ಹದಿನೈದು ವರ್ಷ ನಡೆಯಿತು ಎನ್ನುವುದೇ ಆಶ್ಚರ್ಯ. ಹಣ ಕಳಿಸುವ ಮೊದಲೇ ಆ ಖಾತೆಯವರ ಹೆಸರು ತೋರಿಸುವ ಸೌಲಭ್ಯವನ್ನು ನೆಫ್ಟ್‌ನಲ್ಲಿ 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತು. ಹೆಸರು ಕಂಡಾಗ ನಿಂತು ಓದುವ ಕೆಲಸ ಮಾತ್ರ ನಮ್ಮದೇ.

N10 ಇಲ್ಲ, N07 ಇಲ್ಲ, ಎರಡು ಗಂಟೆ ಎಂದೋ ದಾಟಿದೆ ಎಂದಾದರೆ ದೂರು ಕಳಿಸಿದವರ ಬ್ಯಾಂಕಿನಿಂದಲೇ ಶುರು. ಪ್ರತಿ ಬ್ಯಾಂಕಿಗೂ ನೆಫ್ಟ್‌ಗಾಗಿಯೇ ಗ್ರಾಹಕ ಸೌಲಭ್ಯ ಕೇಂದ್ರವೊಂದಿದೆ, ಅವುಗಳ ವಿಳಾಸ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ಸಿಗುತ್ತದೆ. ದೂರಿನಲ್ಲಿ ಯುಟಿಆರ್, ದಿನಾಂಕ, ಮೊತ್ತ, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಇದ್ದರೆ ಸಾಕು. 30 ದಿನದೊಳಗೆ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ cms.rbi.org.in ಮೂಲಕ ಒಂಬುಡ್ಸ್‌ಮನ್‌ಗೆ ಹೋಗಬಹುದು.

ತಡಕ್ಕೆ ದಂಡಬಡ್ಡಿಯೂ ಉಂಟು: ಆಗಿನ ರೆಪೊ ದರದ ಮೇಲೆ ಶೇ. 2. ರೆಪೊ ಶೇ. 6 ಎಂದಿಟ್ಟುಕೊಂಡರೆ 40,000ಕ್ಕೆ ಶೇ. 8ರಂತೆ ಮೂರು ದಿನಕ್ಕೆ 26 ರೂಪಾಯಿ 30 ಪೈಸೆ. ಗ್ರಾಹಕ ಕೇಳದಿದ್ದರೂ ಬ್ಯಾಂಕು ಇದನ್ನು ತಾನಾಗಿಯೇ ಕೊಡಬೇಕೆಂಬುದು ನಿಯಮ. ಮೊತ್ತ ಚಿಕ್ಕದು ನಿಜ, ಆದರೆ ದೂರಿನಲ್ಲಿ ಈ ಬಡ್ಡಿಯನ್ನೂ ಒಂದು ಸಾಲಿನಲ್ಲಿ ಕೇಳಿಬಿಡಿ. ಲೆಕ್ಕ ಹಾಕಬೇಕೆಂದರೆ ಹಣ ಯಾವ ಬ್ಯಾಚಿನಲ್ಲಿ ಹೋಯಿತು, ಎಂದು ಜಮಾ ಆಯಿತು ಎಂಬುದನ್ನು ಯಾರಾದರೂ ದಾಖಲೆ ತೆಗೆದು ನೋಡಲೇಬೇಕಾಗುತ್ತದೆ.