ಕೀಲು ಕೂತಿತು, ಕೈ ಏಳಲಿಲ್ಲ

ಜಾರಿದ ಭುಜ ಮತ್ತೆ ಕೂತ ಮಾತ್ರಕ್ಕೆ ಪೆಟ್ಟು ವಾಸಿಯಾಯಿತು ಎಂದಲ್ಲ. ಹರೆಯದವರಲ್ಲಿ ಹರಿಯುವುದು ಒಂದು, ನಡುವಯಸ್ಸು ದಾಟಿದವರಲ್ಲಿ ಹರಿಯುವುದು ಇನ್ನೊಂದು.

ಕಲ್ಯಾಣದುರ್ಗದ ಸುತ್ತಿನ ಊರುಗಳಲ್ಲಿ ಜಾತ್ರೆಯೆಂದರೆ ಜೊತೆಗೆ ಕಬಡ್ಡಿಯೂ ಇರುತ್ತದೆ. ರೈಡಿಗೆ ಹೋದ ಹತ್ತೊಂಬತ್ತರ ಹುಡುಗನೊಬ್ಬ ವಾಪಸು ಮಧ್ಯಗೆರೆಯತ್ತ ಧುಮುಕುತ್ತಾನೆ ಎಂದುಕೊಳ್ಳಿ. ಹಿಂದಿನಿಂದ ಇಬ್ಬರು ಅವನ ಸೊಂಟ, ಕಾಲು ಹಿಡಿದಿದ್ದಾರೆ. ಗೆರೆ ಮುಟ್ಟಲು ಚಾಚಿದ ಕೈ ಪಕ್ಕಕ್ಕೆ ಎದ್ದು ಹಿಂದಕ್ಕೆ ತಿರುಗಿದೆ. ಅದೇ ಗಳಿಗೆಯಲ್ಲಿ ಮೂರನೆಯವನು ಆ ಕೈಯ ಮೇಲೆ ಬೀಳುತ್ತಾನೆ. ಹುಡುಗ ಎದ್ದಾಗ ಒಂದು ಕೈಯಿಂದ ಇನ್ನೊಂದು ಕೈಯನ್ನು ಹೊತ್ತುಕೊಂಡಿರುತ್ತಾನೆ.

ಹಿಂದೂಪುರ ಹುಣಸೆಹಣ್ಣಿನ ದೊಡ್ಡ ಮಾರುಕಟ್ಟೆ. ಹುಣಸೆ ಕುಟ್ಟಿ ಬೀಜ ಬಿಡಿಸುವ ಕೆಲಸ ಹೆಚ್ಚಾಗಿ ಹೆಂಗಸರದು. ಅಂಥ ಕೆಲಸದಲ್ಲಿರುವ ಐವತ್ತೈದರ ಹೆಂಗಸೊಬ್ಬರು ಅಂಗಳದಲ್ಲಿ ಕಾಲು ಜಾರಿ, ಕೈ ಊರಿ ಬೀಳುತ್ತಾರೆ ಎಂದುಕೊಳ್ಳಿ. ಅವರ ಭುಜವೂ ಜಾರುತ್ತದೆ.

ಈ ಇಬ್ಬರೂ ಒಬ್ಬೊಬ್ಬರೇ ವ್ಯಕ್ತಿಗಳಲ್ಲ, ಮೂಳೆ ವೈದ್ಯರ ಮುಂದೆ ಮತ್ತೆ ಮತ್ತೆ ಬಂದು ಕೂರುವ ಎರಡು ಬಗೆಯ ರೋಗಿಗಳು. ಇಬ್ಬರ ಎಕ್ಸ್‌ರೇಯೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತದೆ. ಇಬ್ಬರ ಕೀಲನ್ನೂ ಅದೇ ದಿನ ಕೂರಿಸಲಾಗುತ್ತದೆ. ಮುಂದಿನ ಕಥೆ ಮಾತ್ರ ಬೇರೆ ಬೇರೆ. ಹುಡುಗನ ಭುಜ ಮತ್ತೆ ಜಾರುತ್ತದೆ. ಹೆಂಗಸಿನ ಭುಜ ಸಾಮಾನ್ಯವಾಗಿ ಮತ್ತೆ ಜಾರುವುದಿಲ್ಲ, ಆದರೆ ಕೈ ಮೇಲೇಳುವುದಿಲ್ಲ. ಹೀಗೇಕೆ ಎಂಬುದಕ್ಕೆ ಉತ್ತರ ಭುಜವನ್ನು ಹಿಡಿದಿಟ್ಟಿರುವ ನಾಲ್ಕು ಸ್ನಾಯುಗಳಲ್ಲಿದೆ.

ಆಳವಿಲ್ಲದ ಗುಳಿ

ಸೊಂಟದ ಕೀಲಿನಲ್ಲಿ ತೊಡೆಮೂಳೆಯ ಗುಂಡು ಆಳವಾದ ಗುಳಿಯಲ್ಲಿ ಹುದುಗಿರುತ್ತದೆ. ಭುಜದಲ್ಲಿ ಹಾಗಿಲ್ಲ. ಶಾಲೆಯ ಆಟೋಟದಲ್ಲಿ ಚಮಚದ ಮೇಲೆ ನಿಂಬೆಹಣ್ಣಿಟ್ಟುಕೊಂಡು ಓಡುತ್ತಾರಲ್ಲ, ತೋಳಿನ ಮೂಳೆಯ ಗುಂಡು ಬೆನ್ನಿನ ರೆಕ್ಕೆಮೂಳೆಯ ಗುಳಿಯ ಮೇಲೆ ಕೂತಿರುವುದು ಹೆಚ್ಚುಕಡಿಮೆ ಹಾಗೆ. ಯಾವ ಗಳಿಗೆಯಲ್ಲೂ ಗುಂಡಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಗುಳಿಗೆ ತಾಗಿರುವುದಿಲ್ಲ. ಗುಳಿಯ ಅಂಚಿನ ಸುತ್ತ ‘ಲೇಬ್ರಮ್’ ಎಂಬ ಗಟ್ಟಿ ನಾರಿನ ಉಂಗುರವಿದೆ. ಗುಳಿಯ ಆಳದಲ್ಲಿ ಸುಮಾರು ಅರ್ಧ ಈ ಉಂಗುರದಿಂದಲೇ ಬರುತ್ತದೆ. ಇಡೀ ಕೀಲಿಗೆ ಹೊದಿಕೆಯಾಗಿ ಒಂದು ಚೀಲವಿದೆ. ಕೈಯನ್ನು ತಲೆಯ ಮೇಲಕ್ಕೆ ಎತ್ತಲು ಅನುಕೂಲವಾಗುವಂತೆ ಆ ಚೀಲ ಕೆಳಭಾಗದಲ್ಲಿ ಸಡಿಲವಾಗಿ ಮಡಿಚಿಕೊಂಡಿರುತ್ತದೆ.

ಕೈ ಎತ್ತ ಬೇಕಾದರೂ ತಿರುಗಬಲ್ಲದು ಎಂಬ ಲಾಭ ಇದರಿಂದಲೇ. ಸುಲಭವಾಗಿ ಜಾರುತ್ತದೆ ಎಂಬ ನಷ್ಟವೂ ಇದರಿಂದಲೇ. ಮೂಳೆ ಮಾಡದ ಕೆಲಸವನ್ನು ಇಲ್ಲಿ ಸ್ನಾಯುಗಳು ಮಾಡಬೇಕು.

ಮೇಲೆ, ಹಿಂದೆ, ಮುಂದೆ. ಕೆಳಗೆ ಯಾವುದೂ ಇಲ್ಲ

ಆ ಕೆಲಸ ಮಾಡುವ ನಾಲ್ಕು ಸ್ನಾಯುಗಳಿಗೆ ಒಟ್ಟಾಗಿ ರೊಟೇಟರ್ ಕಫ್ ಎನ್ನುತ್ತಾರೆ. ನಾಲ್ಕೂ ರೆಕ್ಕೆಮೂಳೆಯಲ್ಲಿ ಹುಟ್ಟಿ, ತುದಿಯಲ್ಲಿ ಗಟ್ಟಿ ಹುರಿಗಳಾಗಿ ತೋಳಿನ ಮೂಳೆಯ ಗುಂಡಿನ ಪಕ್ಕದ ಉಬ್ಬುಗಳಿಗೆ ಬಂದು ಅಂಟುತ್ತವೆ.

ರೆಕ್ಕೆಮೂಳೆಯ ಹಿಂಬದಿಯಲ್ಲಿ ಕೈಗೆ ಸಿಗುವ ಒಂದು ಏಣು ಇದೆ. ಅದರ ಮೇಲಿನ ತಗ್ಗಿನಲ್ಲಿ ಹುಟ್ಟುವುದು ಸುಪ್ರಾಸ್ಪೈನೇಟಸ್. ಅದು ಭುಜದ ತುದಿಮೂಳೆಯ ಅಡಿಯಿಂದ ಹಾದು ದೊಡ್ಡ ಉಬ್ಬಿನ ನೆತ್ತಿಗೆ ಅಂಟುತ್ತದೆ. ಕೈಯನ್ನು ಪಕ್ಕಕ್ಕೆ ಎತ್ತಲು ಶುರುಮಾಡುವುದರಲ್ಲಿ ಇದರ ಪಾತ್ರ ದೊಡ್ಡದು. ಏಣಿನ ಕೆಳಗಿನ ಅಗಲವಾದ ತಗ್ಗಿನಲ್ಲಿ ಹುಟ್ಟುವ ಇನ್‌ಫ್ರಾಸ್ಪೈನೇಟಸ್ ಅದೇ ಉಬ್ಬಿನ ನಡುವಿಗೂ, ರೆಕ್ಕೆಮೂಳೆಯ ಹೊರ ಅಂಚಿನಲ್ಲಿ ಹುಟ್ಟುವ ಚಿಕ್ಕ ಟೆರೆಸ್ ಮೈನರ್ ಅದರ ಕೆಳಗೂ ಅಂಟುತ್ತವೆ. ಮೊಣಕೈಯನ್ನು ಪಕ್ಕೆಗೆ ಒತ್ತಿ ಮುಂಗೈಯನ್ನು ಹೊರಕ್ಕೆ ತಿರುಗಿಸಿದರೆ ಕೆಲಸ ಮಾಡುವುದು ಈ ಎರಡು. ನಾಲ್ಕನೆಯದಾದ ಸಬ್‌ಸ್ಕ್ಯಾಪುಲಾರಿಸ್ ರೆಕ್ಕೆಮೂಳೆಯ ಒಳಮೈಯಲ್ಲಿ, ಪಕ್ಕೆಲುಬುಗಳ ಕಡೆಗಿದೆ. ಅದು ಮುಂದಿನಿಂದ ಬಂದು ಚಿಕ್ಕ ಉಬ್ಬಿಗೆ ಅಂಟಿ ತೋಳನ್ನು ಒಳಕ್ಕೆ ತಿರುಗಿಸುತ್ತದೆ. ಬೆನ್ನ ಹಿಂದಿಟ್ಟ ಅಂಗೈಯನ್ನು ಬೆನ್ನಿನಿಂದ ದೂರ ಎತ್ತಬೇಕಾದರೆ ಇದು ಸರಿಯಿರಬೇಕು.

ತಿರುಗಿಸುವುದಕ್ಕಿಂತ ದೊಡ್ಡ ಕೆಲಸವೊಂದು ಇವಕ್ಕಿದೆ. ಕೈ ಎಲ್ಲಿಯೇ ಇರಲಿ, ನಾಲ್ಕೂ ಸೇರಿ ಗುಂಡನ್ನು ಗುಳಿಯ ನಡುವಿಗೆ ಒತ್ತಿ ಹಿಡಿಯುತ್ತವೆ. ಭುಜಕ್ಕೆ ದುಂಡನೆಯ ಆಕಾರ ಕೊಡುವ ಡೆಲ್ಟಾಯ್ಡ್ ಸ್ನಾಯು ಕೈ ಎತ್ತುವಾಗ ಗುಂಡನ್ನೂ ಮೇಲಕ್ಕೆಳೆಯುತ್ತದೆ. ಮುಂದಿನ ಮತ್ತು ಹಿಂದಿನ ಸ್ನಾಯುಗಳು ಅದನ್ನು ಕೆಳಕ್ಕೆ ಹಿಡಿದಿಟ್ಟರೆ ಮಾತ್ರ ಕೈ ಮೇಲೇಳುತ್ತದೆ. ಹಿಡಿಯುವವರಿಲ್ಲದಿದ್ದರೆ ಡೆಲ್ಟಾಯ್ಡ್ ಎಷ್ಟು ಎಳೆದರೂ ಭುಜ ಕಿವಿಯತ್ತ ಕುಪ್ಪಳಿಸುತ್ತದೆಯೇ ಹೊರತು ಕೈ ಏಳುವುದಿಲ್ಲ.

ಮೇಲೆ ಒಂದು, ಹಿಂದೆ ಎರಡು, ಮುಂದೆ ಒಂದು. ಕೆಳಗೆ ಯಾವ ಸ್ನಾಯುವೂ ಇಲ್ಲ. ಚೀಲ ಸಡಿಲವಾಗಿರುವುದೂ ಅಲ್ಲೇ.

ಹುಡುಗನ ಭುಜದಲ್ಲಿ ಆದದ್ದು

ಕೈ ಪಕ್ಕಕ್ಕೆ ಎದ್ದು ಹಿಂದಕ್ಕೆ ತಿರುಗಿದಾಗ ಸಬ್‌ಸ್ಕ್ಯಾಪುಲಾರಿಸ್‌ನ ಹುರಿ ಮೇಲಕ್ಕೆ ಸರಿಯುತ್ತದೆ. ಗುಂಡಿನ ಮುಂದಿನ ಕೆಳಭಾಗಕ್ಕೆ ಆಗ ಚೀಲದ ದಪ್ಪನೆಯ ಪಟ್ಟಿ ಮತ್ತು ಲೇಬ್ರಮ್ ಮಾತ್ರ ಆಸರೆ. ಆ ಸ್ಥಿತಿಯಲ್ಲಿ ಇನ್ನೊಬ್ಬನ ಭಾರ ಬಿದ್ದಾಗ ಪಟ್ಟಿ ಲೇಬ್ರಮ್ಮನ್ನು ಎಳೆದುಕೊಂಡು ಮೂಳೆಯಿಂದ ಕಿತ್ತು ಬರುತ್ತದೆ. ಇದನ್ನು 1923ರಲ್ಲಿ ವಿವರಿಸಿದ ಬ್ರಿಟಿಷ್ ಶಸ್ತ್ರವೈದ್ಯ ಬ್ಯಾಂಕಾರ್ಟ್ ಹೆಸರಿನಲ್ಲೇ ಈ ಗಾಯವನ್ನು ಗುರುತಿಸುತ್ತಾರೆ. ಗುಂಡು ಕೆಳಮುಂದಕ್ಕೆ ಜಾರಿ ಎದೆಯ ಕಡೆಗೆ ಸಿಕ್ಕಿಕೊಳ್ಳುತ್ತದೆ. ಜಾರುವ ಭುಜಗಳಲ್ಲಿ ನೂರಕ್ಕೆ ಸುಮಾರು 95 ಹೀಗೆ ಮುಂದಕ್ಕೇ ಜಾರುತ್ತವೆ. ಸಿಕ್ಕಿಕೊಂಡ ಗುಂಡಿನ ಹಿಂಭಾಗ ಗುಳಿಯ ಅಂಚಿಗೆ ಒತ್ತಿ ತಗ್ಗು ಬೀಳುವುದೂ ಉಂಟು.

ನೋಡಿದರೆ ಗೊತ್ತಾಗುತ್ತದೆ. ಭುಜದ ದುಂಡು ಹೋಗಿ ಮೂಲೆ ಮೂಡಿರುತ್ತದೆ. ಮೊಣಕೈ ಪಕ್ಕೆಗೆ ಕೂರುವುದಿಲ್ಲ. ಆ ಕೈಯಿಂದ ಎದುರು ಭುಜವನ್ನು ಮುಟ್ಟಲಾಗುವುದಿಲ್ಲ.

ಮೂಳೆ ಕೂರಿಸಿದ ಮೇಲೂ ಕಿತ್ತ ಲೇಬ್ರಮ್ ಅನೇಕ ವೇಳೆ ತನ್ನ ಜಾಗಕ್ಕೆ ಸರಿಯಾಗಿ ಅಂಟುವುದಿಲ್ಲ. ಮೊದಲೇ ಆಳವಿಲ್ಲದ ಗುಳಿಯ ಮುಂದಿನ ಅಂಚು ಈಗ ಇನ್ನೂ ತಗ್ಗು. ಇಪ್ಪತ್ತರ ಒಳಗೆ ಮೊದಲ ಬಾರಿ ಭುಜ ಜಾರಿ, ಮತ್ತೆ ಮೈಗೆ ಮೈ ತಾಗುವ ಆಟಕ್ಕಿಳಿದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಅದು ಮತ್ತೆ ಜಾರುತ್ತದೆ. ಪ್ರತಿ ಸಲವೂ ಮೂಳೆಯ ಅಂಚು ಸವೆಯುತ್ತದೆ. ಹೊರಕ್ಕೆ ತಿರುಗಿಸುವ ವ್ಯಾಯಾಮಗಳು ಸ್ನಾಯುಗಳಿಗೆ ಬಲ ಕೊಡುತ್ತವೆ, ಆದರೆ ಕಿತ್ತ ಲೇಬ್ರಮ್ಮನ್ನು ಅಂಟಿಸಲಾರವು. ಅದಕ್ಕಾಗಿಯೇ ಎರಡನೇ ಸಲ ಜಾರಿದ ಹುಡುಗನಿಗೆ ಎಂಆರ್‌ಐ ಮಾಡಿಸಿ, ಲೇಬ್ರಮ್ಮನ್ನು ಮೂಳೆಗೆ ಹೊಲಿಯುವ ಶಸ್ತ್ರಚಿಕಿತ್ಸೆಯ ಮಾತು ಎತ್ತುತ್ತಾರೆ. ಅಂಚಿನ ಮೂಳೆ ಬಹಳ ಸವೆದಿದ್ದರೆ ಹೊಲಿಗೆಯೊಂದೇ ಸಾಲದು, ಅಲ್ಲಿಗೆ ಮೂಳೆಯನ್ನೇ ಜೋಡಿಸಬೇಕಾಗುತ್ತದೆ. ಐದಾರು ಸಲ ಜಾರುವವರೆಗೆ ಕಾದವರು ಚಿಕ್ಕ ಚಿಕಿತ್ಸೆಯ ಅವಕಾಶವನ್ನು ಕಳೆದುಕೊಂಡಿರಬಹುದು.

ಹೆಂಗಸಿನ ಭುಜದಲ್ಲಿ ಆದದ್ದು

ವಯಸ್ಸಾದಂತೆ ಕಫ್‌ನ ಹುರಿಗಳು ಸವೆಯುತ್ತವೆ. ಸುಪ್ರಾಸ್ಪೈನೇಟಸ್ ಉಬ್ಬಿಗೆ ಅಂಟುವ ಜಾಗದಲ್ಲಿ ಇದು ಹೆಚ್ಚು. ನಲವತ್ತು ದಾಟಿದವರಲ್ಲಿ ಭುಜ ಜಾರಿದಾಗ ಲೇಬ್ರಮ್‌ಗಿಂತ ಮೊದಲು ಸೋಲುವುದು ಅನೇಕ ವೇಳೆ ಈ ಹುರಿ. ಗುಂಡು ಹೊರಬರುವ ರಭಸಕ್ಕೆ ಅದು ಮೂಳೆಯಿಂದ ಬಿಟ್ಟುಹೋಗುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಹುರಿ ಕಾಣುವುದಿಲ್ಲ. ಕೀಲು ಕೂರಿಸಿದ ಮೇಲಿನ ಎಕ್ಸ್‌ರೇ ನೋಡಿ ‘ಎಲ್ಲ ಸರಿಯಾಯಿತು’ ಎಂದು ಮನೆಗೆ ಹೋಗುತ್ತಾರೆ. ಮೂರು ವಾರವಾದರೂ ತಲೆ ಬಾಚಲು ಕೈ ಏಳದಿದ್ದಾಗ ‘ಕಟ್ಟಿದ್ದರಿಂದ ಬಿಗಿದಿದೆ, ಎಣ್ಣೆ ತಿಕ್ಕಿ’ ಎನ್ನುತ್ತಾರೆ.

ಕೈ ಏಳದಿರಲು ಮುಖ್ಯವಾಗಿ ಮೂರು ಕಾರಣಗಳಿರಬಹುದು. ಇವನ್ನು ಹಾಸಿಗೆಯ ಪಕ್ಕದಲ್ಲೇ ಬಹುಮಟ್ಟಿಗೆ ಬೇರ್ಪಡಿಸಬಹುದು. ಬೇರೆಯವರು ಎತ್ತಿದರೂ ಕೈ ಮೇಲೇಳದಿದ್ದರೆ ಕೀಲು ಬಿಗಿದಿದೆ. ಬೇರೆಯವರು ಎತ್ತಿದರೆ ಸಲೀಸಾಗಿ ಏಳುತ್ತದೆ, ತಾನಾಗಿ ಏಳುವುದಿಲ್ಲ ಎಂದರೆ ನರ ಅಥವಾ ಹುರಿಗೆ ಪೆಟ್ಟು. ಗುಂಡಿನ ಕೆಳಗೆ ತೋಳಿನ ಮೂಳೆಯನ್ನು ಬಳಸಿ ಹೋಗುವ ಆಕ್ಸಿಲರಿ ನರಕ್ಕೆ ಪೆಟ್ಟಾಗಿದ್ದರೆ ಭುಜದ ಹೊರಮೈಯಲ್ಲಿ ಅಂಗೈಯಗಲ ಜೋಮು ಹಿಡಿದಿರಬಹುದು. ಎತ್ತಲು ಯತ್ನಿಸುವಾಗ ಕೈಯಿಟ್ಟು ನೋಡಿದರೆ ಡೆಲ್ಟಾಯ್ಡ್ ಮೆತ್ತಗೇ ಇರುತ್ತದೆ. ಇಂಥ ಪೆಟ್ಟು ಬಹುತೇಕರಲ್ಲಿ ಕೆಲವು ತಿಂಗಳಲ್ಲಿ ತಾನಾಗಿ ಸುಧಾರಿಸುತ್ತದೆ. ಡೆಲ್ಟಾಯ್ಡ್ ಗಟ್ಟಿಯಾಗಿ ಬಿಗಿಯುತ್ತದೆ, ಭುಜ ಕುಪ್ಪಳಿಸುತ್ತದೆ, ಆದರೂ ಕೈ ಏಳುವುದಿಲ್ಲ ಎಂದರೆ ಕಫ್ ಹರಿದಿದೆ ಎಂದೇ ಶಂಕಿಸಬೇಕು. ಮೊಣಕೈಯನ್ನು ಪಕ್ಕೆಗೆ ಒತ್ತಿಸಿ, ವೈದ್ಯರು ಮುಂಗೈಯನ್ನು ಹೊರಕ್ಕೆ ತಿರುಗಿಸಿ ಬಿಟ್ಟಾಗ ಅದು ನಿಲ್ಲದೆ ಒಳಕ್ಕೆ ಬಿದ್ದರೆ ಹಿಂದಿನ ಹುರಿಗಳೂ ಹೋಗಿವೆ. ನರ ಮತ್ತು ಹುರಿ ಎರಡಕ್ಕೂ ಒಟ್ಟಿಗೇ ಪೆಟ್ಟಾಗುವುದುಂಟು, ಹಾಗಾಗಿ ಒಂದು ಸಿಕ್ಕಿತೆಂದು ಇನ್ನೊಂದನ್ನು ಹುಡುಕದೆ ಬಿಡಬಾರದು.

ಖಚಿತಪಡಿಸಿಕೊಳ್ಳಲು ಬಲ್ಲವರು ಮಾಡುವ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕು. ಬಿಟ್ಟುಹೋದ ಹುರಿ ಒಳಕ್ಕೆ ಎಳೆದುಕೊಳ್ಳುತ್ತದೆ. ಕೆಲಸವಿಲ್ಲದ ಸ್ನಾಯುವಿನಲ್ಲಿ ತಿಂಗಳುಗಳು ಕಳೆದಂತೆ ಕೊಬ್ಬು ತುಂಬುತ್ತದೆ. ಆಮೇಲೆ ಹೊಲಿದರೂ ಹಿಡಿಯುವುದು ಕಷ್ಟ. ಈ ಪೆಟ್ಟನ್ನು ವಾರಗಳಲ್ಲಿ ಗುರುತಿಸಬೇಕು, ತಿಂಗಳುಗಟ್ಟಲೆ ಕಾಯಬಾರದು.

ಎಳೆಯುವ ಮೊದಲು

ಮೈದಾನದಲ್ಲಿ ಜಾರಿದ ಭುಜವನ್ನು ಅಲ್ಲೇ ಎಳೆದು ಕೂರಿಸುವ ಉತ್ಸಾಹಿಗಳು ಎಲ್ಲ ಊರಲ್ಲೂ ಇದ್ದಾರೆ. ಜಾರುವಾಗ ಗುಂಡಿನ ಕೆಳಗೆ ಮೂಳೆ ಮುರಿದಿದ್ದರೆ ಆ ಎಳೆತ ಮುರಿದದ್ದನ್ನು ಬೇರ್ಪಡಿಸುತ್ತದೆ, ನರ ಮತ್ತು ರಕ್ತನಾಳವನ್ನೂ ಹರಿಯಬಹುದು. ಕೈ ಹೇಗಿದೆಯೋ ಹಾಗೆಯೇ ಟವೆಲ್ಲಿನಲ್ಲಿ ಕಟ್ಟಿ, ಬೆರಳು ತಣ್ಣಗಾಗಿವೆಯೇ, ನಾಡಿ ಸಿಗುತ್ತದೆಯೇ ನೋಡಿ, ಊಟ ಕೊಡದೆ ಆಸ್ಪತ್ರೆಗೆ ಕರೆದೊಯ್ಯುವುದು ಸರಿಯಾದ ಕೆಲಸ. ಕೂರಿಸುವಾಗ ಮಂಪರು ಬೇಕಾದರೆ ಹೊಟ್ಟೆ ಖಾಲಿಯಿದ್ದರೆ ಒಳ್ಳೆಯದು. ಎಕ್ಸ್‌ರೇ ಎರಡು ಕೋನಗಳಿಂದ ಬೇಕು. ಬೋರ್‌ವೆಲ್ ಸ್ಟಾರ್ಟರ್‌ನಲ್ಲಿ ಕರೆಂಟ್ ಹೊಡೆದವರಲ್ಲಿ, ಮೂರ್ಛೆ ಬಂದವರಲ್ಲಿ ಒಳಕ್ಕೆ ತಿರುಗಿಸುವ ಬಲವಾದ ಸ್ನಾಯುಗಳು ಒಮ್ಮೆಗೇ ಸೆಟೆದು ಗುಂಡನ್ನು ಹಿಂದಕ್ಕೆ ತಳ್ಳುವುದುಂಟು. ಎದುರಿನ ಒಂದೇ ಎಕ್ಸ್‌ರೇಯಲ್ಲಿ ಅದು ಕಣ್ತಪ್ಪುತ್ತದೆ. ಮುಂಗೈ ಹೊರಕ್ಕೆ ತಿರುಗುವುದೇ ಇಲ್ಲ ಎಂಬುದು ಅದರ ಸುಳಿವು.

ಪುತ್ತೂರು ಕಟ್ಟಿಗೆ ಹೋಗುವ ರೂಢಿ ಈ ಸೀಮೆಯಲ್ಲಿ ಗಟ್ಟಿಯಾಗಿದೆ. ಕಟ್ಟು ಎಲ್ಲಿಯೇ ಹಾಕಿಸಿದರೂ ಅದು ಮೂಳೆಯನ್ನು ಅಲುಗದಂತೆ ಇಡುತ್ತದೆ, ಬಿಟ್ಟುಹೋದ ಹುರಿಯನ್ನು ಉಬ್ಬಿಗೆ ಅಂಟಿಸುವುದಿಲ್ಲ. ಐವತ್ತು ದಾಟಿದವರ ಭುಜವನ್ನು ತಿಂಗಳುಗಟ್ಟಲೆ ಕಟ್ಟಿಟ್ಟರೆ ಬಿಗಿತವೂ ಸೇರಿಕೊಂಡು, ಕೈ ಯಾವುದರಿಂದ ಏಳುತ್ತಿಲ್ಲ ಎಂಬುದೇ ಗೊತ್ತಾಗದಂತಾಗುತ್ತದೆ. ಆ ವಯಸ್ಸಿನಲ್ಲಿ ಜೋಳಿಗೆ ಕಟ್ಟು ಒಂದೆರಡು ವಾರಕ್ಕೆ ಸಾಕು, ಬಳಿಕ ವೈದ್ಯರ ಸಲಹೆಯಂತೆ ಮೆಲ್ಲಗೆ ಆಡಿಸಬೇಕು. ಜೋಳಿಗೆ ಬಿಚ್ಚುವ ದಿನ ರೋಗಿಯಿಂದ ತಾನಾಗಿ ಕೈ ಎತ್ತಿಸಿ ನೋಡುವುದು ಅರ್ಧ ನಿಮಿಷದ ಕೆಲಸ. ಏಳದಿದ್ದರೆ ‘ಹುರಿ ಹರಿದಿದೆಯೇ?’ ಎಂದು ಅವತ್ತೇ ವೈದ್ಯರನ್ನು ಕೇಳಿ.