ಕರೆಂಟ್ ಬಿಲ್‌ನಲ್ಲಿ ರೀಡಿಂಗ್ ತಪ್ಪಾಗಿದೆಯಾ? ದೂರಿನ ಇಮೇಲ್ ಹೀಗೆ ಬರೆಯಿರಿ

ಪ್ರತಿ ತಿಂಗಳು ಹೆಚ್ಚುಕಡಿಮೆ ಒಂದೇ ಥರ ಬರುತ್ತಿದ್ದ ಅಂಗಡಿಯ ಕರೆಂಟ್ ಬಿಲ್ ಇದ್ದಕ್ಕಿದ್ದಂತೆ ದುಪ್ಪಟ್ಟಾದರೆ, ಮೊದಲು ಬಿಲ್ ಹಿಡಿದುಕೊಂಡು ಮೀಟರ್ ಹತ್ತಿರ ಹೋಗಿ. ಡಿಜಿಟಲ್ ಮೀಟರ್‌ನಲ್ಲಿ ಅಂಕಿಗಳು ಬದಲಾಗುತ್ತಾ ಇರುತ್ತವೆ. ಪಕ್ಕದಲ್ಲಿ kWh ಎಂದು ಬರುವ ಅಂಕಿಯೇ ರೀಡಿಂಗ್. ಇವತ್ತಿನ ಅಂಕಿ ಬಿಲ್‌ನಲ್ಲಿರುವ 'ಈಗಿನ ರೀಡಿಂಗ್'ಗಿಂತ ಕಡಿಮೆ ಇದ್ದರೆ, ತಪ್ಪಾಗಿರುವುದು ಖಚಿತ. ಮೀಟರ್ ಹಿಂದಕ್ಕೆ ಓಡುವುದಿಲ್ಲವಲ್ಲ!

ಒಂದು ಉದಾಹರಣೆ ನೋಡಿ. ಹಿಂದಿನ ರೀಡಿಂಗ್ 18,420. ಬಿಲ್ ಕೊಟ್ಟ ದಿನ ಮೀಟರ್‌ನಲ್ಲಿ ಇದ್ದದ್ದು 18,640, ಆದರೆ ಬಿಲ್‌ನಲ್ಲಿ 18,940 ಎಂದು ಬಿದ್ದಿದೆ. 220 ಯೂನಿಟ್ ಆಗಬೇಕಾದದ್ದು 520 ಆಯಿತು. ಒಂದೇ ಅಂಕಿ ತಪ್ಪಿ 300 ಯೂನಿಟ್ ಹೆಚ್ಚು!

ಬಿಲ್ ಮೇಲೆ 'ಡೋರ್ ಲಾಕ್' ಎಂದಿದ್ದರೆ ವಿಷಯ ಬೇರೆ. ಅದು ಬೀಗ ಹಾಕಿದ್ದಾಗ ಹಾಕುವ ಸರಾಸರಿ ಬಿಲ್, ಮುಂದಿನ ರೀಡಿಂಗ್‌ನಲ್ಲಿ ಹೊಂದಾಣಿಕೆ ಆಗುತ್ತದೆ.

ತಪ್ಪು ಖಚಿತವಾದರೆ ಅವತ್ತೇ ಮೀಟರ್ ಫೋಟೋ ತೆಗೆಯಿರಿ. ರೀಡಿಂಗ್ ಜೊತೆ ಮೀಟರ್ ನಂಬರ್ ಕೂಡ ಕಾಣಬೇಕು. 1912ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಪಡೆದು, ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್‌ಗೆ ಇಮೇಲ್ ಕಳಿಸಿ:

"ವಿಷಯ: ತಪ್ಪು ರೀಡಿಂಗ್, ಬಿಲ್ ಸರಿಪಡಿಸುವ ಬಗ್ಗೆ – ಆರ್.ಆರ್. ನಂಬರ್ ____

ಮಾನ್ಯರೇ, ____ ತಾರೀಖಿನ ಬಿಲ್‌ನಲ್ಲಿ ಈಗಿನ ರೀಡಿಂಗ್ 18,940 ಎಂದು ನಮೂದಾಗಿದೆ. ಇಂದು, ____ ರಂದು, ಮೀಟರ್ ತೋರಿಸುತ್ತಿರುವುದು 18,652. ಫೋಟೋ ಮತ್ತು ಬಿಲ್ ಪ್ರತಿ ಲಗತ್ತಿಸಿದ್ದೇನೆ. 1912 ದೂರಿನ ಸಂಖ್ಯೆ ____. ದಯವಿಟ್ಟು ಸ್ಥಳ ಪರಿಶೀಲನೆ ಮಾಡಿಸಿ, ಪರಿಷ್ಕೃತ ಬಿಲ್ ಕೊಡಿ. ಸರಿಪಡಿಸಿದ ರೀಡಿಂಗ್, ಕಟ್ಟಬೇಕಾದ ಮೊತ್ತ, ಹೆಚ್ಚುವರಿ ಮೊತ್ತವನ್ನು ಬಾಕಿಯಿಂದ ತೆಗೆದಿರುವುದು, ಈ ಮೂರನ್ನೂ ಲಿಖಿತವಾಗಿ ತಿಳಿಸಿ. ಅಲ್ಲಿಯವರೆಗೆ ಸಂಪರ್ಕ ಕಡಿತ ಮಾಡಬಾರದೆಂದು ವಿನಂತಿ."

ಕೊನೆಗೆ ಹೆಸರು, ಅಂಗಡಿ ವಿಳಾಸ, ಮೊಬೈಲ್ ನಂಬರ್ ಹಾಕಿ. 'ಪ್ರತಿ ಸಲ ಹೀಗೇ ಮಾಡ್ತೀರಿ' ಎಂಬ ಸಿಟ್ಟಿನ ಮಾತು ಬೇಡ. ಅದರ ನಡುವೆ ಅಂಕಿಗಳು ಮರೆಯಾಗುತ್ತವೆ.

ಲಿಖಿತ ಉತ್ತರ ಯಾಕೆ ಬೇಕು? ಕೌಂಟರ್‌ನಲ್ಲಿ 'ಇಷ್ಟು ಕಟ್ಟಿ ಹೋಗಿ, ಸರಿಮಾಡ್ತೀವಿ' ಅನ್ನಬಹುದು. ಆದರೆ ಕಂಪ್ಯೂಟರ್‌ನಲ್ಲಿ 18,940 ಹಾಗೇ ಉಳಿದರೆ, ಕಟ್ಟದೆ ಬಿಟ್ಟ ಹಣ ಮುಂದಿನ ಬಿಲ್‌ನಲ್ಲಿ ಬಾಕಿ ಎಂದು ಬಡ್ಡಿ ಸಮೇತ ಬರುತ್ತದೆ. ಅಷ್ಟರಲ್ಲಿ ಸಿಬ್ಬಂದಿ ಬದಲಾಗಿದ್ದರೆ ಬಾಯಿಮಾತಿಗೆ ಸಾಕ್ಷಿ ಯಾರು? ಹಾಗಾಗಿ ಮುಂದಿನ ಬಿಲ್ ಬಂದ ಕೂಡಲೇ 'ಹಿಂದಿನ ರೀಡಿಂಗ್' ಮತ್ತು 'ಬಾಕಿ' ಎರಡನ್ನೂ ನೋಡಿ. ಅಲ್ಲಿ 18,940 ಇಲ್ಲದಿದ್ದರೆ ಮಾತ್ರ ಕೆಲಸ ಆದಂತೆ.

ಉತ್ತರವೇ ಬರದಿದ್ದರೆ ಅದೇ ಇಮೇಲ್‌ಗೆ ರಿಪ್ಲೈ ಮಾಡಿ ನೆನಪಿಸಿ. ಆಗಲೂ ಆಗದಿದ್ದರೆ ವಿದ್ಯುತ್ ಕಂಪನಿಯ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ದೂರು ಕೊಡಬಹುದು. ಅಲ್ಲಿ ಈ ಇಮೇಲ್, ಫೋಟೋಗಳೇ ನಿಮ್ಮ ದಾಖಲೆ.