ಹೊಸ ಊರಿಗೆ ವಿತರಕ: ಮಾರ್ಜಿನ್‌ಗಿಂತ ಮುಂದಿನ ಲೆಕ್ಕ

ಹೊಸ ಪ್ರದೇಶಕ್ಕೆ ವಿತರಕರನ್ನು ಹುಡುಕುವ ಕಂಪನಿ ಸಾಮಾನ್ಯವಾಗಿ ಮಾರ್ಜಿನ್‌ನಿಂದ ಮಾತು ಶುರುಮಾಡುತ್ತದೆ. ಅನುಭವಿ ವಿತರಕ ಕೇಳುವುದೇ ಬೇರೆ: ಎಷ್ಟು ದುಡ್ಡು ಹಾಕಬೇಕು, ಅದು ಎಷ್ಟು ದಿನಕ್ಕೆ ತಿರುಗಿ ಕೈಗೆ ಬರುತ್ತದೆ?

ಮಸಾಲೆ ಪುಡಿಯ ಕಂಪನಿಯೊಂದು ಹಾಸನಕ್ಕೆ ಕಾಲಿಡುತ್ತಿದೆ ಎಂದಿಟ್ಟುಕೊಳ್ಳಬಹುದು. ಮೊದಲು ಬೀದಿ ಬೀದಿ ಸುತ್ತಿ ಕಿರಾಣಿ ಅಂಗಡಿಗಳನ್ನು ಎಣಿಸಬೇಕು. ಸಿಕ್ಕಿದ್ದು 400 ಅಂಗಡಿ, ಪ್ರತಿಯೊಂದಕ್ಕೂ ತಿಂಗಳಿಗೆ 2,000 ರೂಪಾಯಿಯ ಸರಕು ಎಂದರೆ ಗುರಿ 8 ಲಕ್ಷ. ಅದು ವರ್ಷದ ಕೊನೆಯ ಗುರಿ. ಮೊದಲ ತಿಂಗಳು 150 ಅಂಗಡಿಯವರು ತಲಾ ಸಾವಿರದ ಮಾಲು ಇಳಿಸಿಕೊಂಡರೆ ಅದೇ ಹೆಚ್ಚು.

8 ಲಕ್ಷಕ್ಕೆ ಶೇ. 6 ಮಾರ್ಜಿನ್ ಎಂದರೆ 48,000 ರೂಪಾಯಿ. ಟೆಂಪೊ, ಗೋದಾಮಿನ ಬಾಡಿಗೆ, ಸೇಲ್ಸ್‌ಮನ್ ಸಂಬಳದಲ್ಲಿ ಅರ್ಧ, ಚಿಲ್ಲರೆ ಖರ್ಚು ಸೇರಿ 30,000 ಹೋದರೆ ಉಳಿಯುವುದು 18,000. ಇನ್ನು ಬಂಡವಾಳ: ಹದಿನೈದು ದಿನದ ದಾಸ್ತಾನು 4 ಲಕ್ಷ, ಅಂಗಡಿಗಳಲ್ಲಿ ನಿಂತ ಉದ್ರಿ 2.7 ಲಕ್ಷ, ಕಂಪನಿಯಿಂದ ಬರಬೇಕಾದ ಕ್ಲೇಮ್ 50 ಸಾವಿರ, ಒಟ್ಟು 7.2 ಲಕ್ಷ. ಗಳಿಕೆ ತಿಂಗಳಿಗೆ ಶೇ. 2.5, ವರ್ಷಕ್ಕೆ ಶೇ. 30. ದುಡಿಮೆಗೆ ತಕ್ಕ ಪ್ರತಿಫಲ.

ಇದು ಕೆಡುವುದು ತಿಂಗಳ ಕೊನೆಯಲ್ಲಿ. ಗುರಿ ಮುಟ್ಟಿಸಲು ಕಂಪನಿಯ ಅಧಿಕಾರಿ ಬೇಡದ ಸರಕನ್ನು ಗೋದಾಮಿಗೆ ತುಂಬುತ್ತಾನೆ. ದಾಸ್ತಾನು 8 ಲಕ್ಷಕ್ಕೇರಿ, ಸ್ಕೀಮ್ ಮತ್ತು ಹಾಳಾದ ಮಾಲಿನ ಕ್ಲೇಮ್ ಮೂರು ತಿಂಗಳು ಬಾಕಿ ಉಳಿದು 1.5 ಲಕ್ಷವಾದರೆ, ಬಂಡವಾಳ 12 ಲಕ್ಷ ದಾಟುತ್ತದೆ. ಮಾರ್ಜಿನ್ ಅದೇ ಶೇ. 6, ವರ್ಷದ ಗಳಿಕೆ ಮಾತ್ರ ಶೇ. 18ರ ಆಸುಪಾಸಿಗೆ ಕುಸಿಯುತ್ತದೆ. ಹಿಂದಿನ ಸಾಲಿನ ಪೆಟ್ಟಿಗೆಗಳ ಮೇಲೆ ನಾಲ್ಕು ತಿಂಗಳ ಹಿಂದಿನ ತಯಾರಿಕೆ ದಿನಾಂಕ ಕಂಡರೆ ಕಾಯಿಲೆ ಹಿಡಿದಿದೆ ಎಂದೇ ಅರ್ಥ. ಆದ್ದರಿಂದ ಕಂಪನಿ ಕಳಿಸಿದ ಸರಕಿನ ಮೇಲಲ್ಲ, ಅಂಗಡಿಗೆ ಹೋದ ಬಿಲ್‌ಗಳ ಮೇಲೆ ಗುರಿ ಅಳೆಯುವುದು ನ್ಯಾಯ.

ಕಂಪನಿಯ ಬೆಂಬಲ ಹೆಚ್ಚು ಬೇಕಾಗುವುದು ಆರಂಭದಲ್ಲೇ. 1.5 ಲಕ್ಷದ ಮಾರಾಟಕ್ಕೆ ಮಾರ್ಜಿನ್ ಸಿಗುವುದು ಬರೀ 9,000. ಟೆಂಪೊ ಖರ್ಚಿಗೂ ಸಾಲದು. ಮೊದಲ ಆರು ತಿಂಗಳು ಸೇಲ್ಸ್‌ಮನ್‌ನ ಪೂರ್ತಿ ಸಂಬಳವನ್ನು ಕಂಪನಿಯೇ ಕೊಡುವುದು, ಕ್ಲೇಮ್‌ಗಳನ್ನು ಮೂವತ್ತು ದಿನದೊಳಗೆ ತೀರಿಸುವುದು ದೊಡ್ಡ ಜಾಹೀರಾತಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ.

ವಿತರಕನ ಆಯ್ಕೆಗೆ ಅಂಗಡಿಯವರ ಮಾತೇ ಒಳ್ಳೆಯ ಸಾಕ್ಷಿ: ಹೇಳಿದ ದಿನ ಗಾಡಿ ಬರುತ್ತದೆಯೇ, ಹರಿದ ಪ್ಯಾಕೆಟ್ ವಾಪಸ್ ಪಡೆಯುತ್ತಾರೆಯೇ? ಜಿಎಸ್‌ಟಿ ನೋಂದಣಿಯ ಜೊತೆಗೆ, ಆಹಾರ ಪದಾರ್ಥವಾದ್ದರಿಂದ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿಯೂ ಬೇಕು. ಯಾವ ಬಡಾವಣೆ, ಯಾವ ತಾಲ್ಲೂಕು ಎಂಬ ಗಡಿ ಕರಾರಿನಲ್ಲಿರಬೇಕು. ಮುಂದೆ ಬೇರೆಯಾಗುವ ಸಂದರ್ಭ ಬಂದರೆ ಉಳಿದ ಸರಕನ್ನು ಯಾವ ಬೆಲೆಗೆ ವಾಪಸ್ ಪಡೆಯುವುದು, ಠೇವಣಿಯನ್ನು ಎಷ್ಟು ದಿನದಲ್ಲಿ ಹಿಂದಿರುಗಿಸುವುದು ಎಂಬುದನ್ನೂ ಮೊದಲ ದಿನವೇ ಬರೆದಿಡಬೇಕು.